ಪ್ರಿಂಟರ್ ನಿಂತಿತೇ? ಫೋನ್ ಎತ್ತುವ ಮೊದಲು

ಪಕ್ಕದ ಮೇಜಿನವರಿಗೆ ಪ್ರಿಂಟ್ ಬರುತ್ತಿದೆಯೇ, ಮೊದಲು ಕೇಳಿ. ಬರುತ್ತಿದ್ದರೆ ತೊಂದರೆ ಬಹುಮಟ್ಟಿಗೆ ನಿಮ್ಮ ಕಂಪ್ಯೂಟರಿನದೇ. ವಿಂಡೋಸ್‌ನಲ್ಲಿ ಪ್ರಿಂಟರಿನ ಸರದಿ ಪಟ್ಟಿ ತೆರೆಯಿರಿ. ಮೇಲುಗಡೆ Error ಎಂದು ಕೂತ ಹಳೆಯ ಫೈಲೊಂದು ಹಿಂದಿನವನ್ನೆಲ್ಲ ತಡೆದಿರಬಹುದು. ಅದನ್ನು Cancel ಮಾಡಿ. ಬರಲಿಲ್ಲವೆಂದು ಮತ್ತೆ ಮತ್ತೆ ಪ್ರಿಂಟ್ ಒತ್ತಬೇಡಿ, ಸರಿಹೋದ ಮೇಲೆ ಅಷ್ಟೂ ಪ್ರತಿಗಳು ಸುರಿಯುತ್ತವೆ (ಪಾಪ, ಕಾಗದ!).

ಯಾರಿಗೂ ಬರುತ್ತಿಲ್ಲವೆಂದರೆ ಪ್ರಿಂಟರಿನ ಬಳಿಗೇ ಹೋಗಿ ಅದರ ಪರದೆ ಓದಿ. ಪೇಪರ್ ಜಾಮ್ ಎಂದಿದ್ದೂ ಟ್ರೇಯಲ್ಲಿ ಏನೂ ಕಾಣದಿದ್ದರೆ ಸ್ವಿಚ್ ಆರಿಸಿ ಹಿಂಬದಿಯ ಬಾಗಿಲು ತೆರೆಯಿರಿ. ಹರಿದ ಚೂರು ರೋಲರಿನಲ್ಲಿ ಸಿಕ್ಕಿರಬಹುದು. ಕಾಗದ ಸಾಗುವ ದಿಕ್ಕಿಗೇ, ಎರಡೂ ಕೈಯಿಂದ ನಿಧಾನವಾಗಿ ಎಳೆಯಿರಿ. ಒಳಗಿನ ಬಿಸಿ ಭಾಗ ಮುಟ್ಟಬೇಡಿ. ಪರದೆಯಲ್ಲಿ ದೋಷವೇ ಇಲ್ಲದಿದ್ದರೆ ನೆಟ್‌ವರ್ಕ್ ಕೇಬಲ್ ಸಡಿಲವಾಗಿದೆಯೇ ನೋಡಿ. ಆಗಲೂ ಆಗದಿದ್ದರೆ ಪರದೆಯ ಮೇಲಿನ ಕೋಡ್ ಬರೆದುಕೊಂಡು ಐಟಿಯವರಿಗೆ ಕರೆ ಮಾಡಿ.