ಕ್-ತ್-ಬ್ ಸಂಸಾರ

ಅರಬ್ಬಿಯಲ್ಲಿ ‘ಕತಬ’ ಎಂದರೆ ‘ಅವನು ಬರೆದ’. ಬರೆಯುವವನು ‘ಕಾತಿಬ್’. ಪುಸ್ತಕ ‘ಕಿತಾಬ್’, ಪುಸ್ತಕಗಳು ‘ಕುತುಬ್’. ಬರೆದದ್ದು ‘ಮಕ್ತೂಬ್’; ಪತ್ರಕ್ಕೂ ಇದೇ ಮಾತು. ಕೂತು ಬರೆಯುವ ಮೇಜಿಗೂ ಕಚೇರಿಗೂ ‘ಮಕ್ತಬ್’ ಎಂದು ಹೆಸರು, ಗ್ರಂಥಾಲಯವಾದರೆ ‘ಮಕ್ತಬಾ’. ಇಷ್ಟೂ ಪದಗಳಲ್ಲಿ ಕ್, ತ್, ಬ್ ಎಂಬ ಮೂರು ವ್ಯಂಜನಗಳು ಅದೇ ಕ್ರಮದಲ್ಲಿ ಕೂತಿವೆ. ಬರೆಯುವುದೆಂಬ ಅರ್ಥ ಇರುವುದು ಅವುಗಳಲ್ಲೇ. ಆದರೆ ಆ ಮೂರನ್ನಷ್ಟೇ ಬಾಯಲ್ಲಿ ಆಡಲಾಗದು. ನಡುವೆ ಸ್ವರ ಸೇರಿದಾಗಲೇ ಅದು ಪದ.

ಕನ್ನಡದ ರೀತಿ ಬೇರೆ. ‘ಬರೆ’ ಎಂಬ ಧಾತು ಹಾಗೇ ಇದ್ದು, ಅದರ ಬಾಲಕ್ಕೆ ಪ್ರತ್ಯಯ ಅಂಟಿ ಬರೆದ, ಬರೆಹ, ಬರೆಹಗಾರ ಎಂದಾಗುತ್ತದೆ. ಅರಬ್ಬಿಯಲ್ಲಿ ಬದಲಾವಣೆ ಪದದ ಹೊಟ್ಟೆಯೊಳಗೇ ನಡೆಯುತ್ತದೆ. ಸ್ವರಗಳನ್ನು ಎಲ್ಲಿ ಇಡಬೇಕು, ಮುಂದೆ ‘ಮ’ ಸೇರಿಸಬೇಕೇ ಎಂಬುದಕ್ಕೆ ಗೊತ್ತಾದ ಅಚ್ಚುಗಳಿವೆ. ವ್ಯಾಕರಣಕಾರರು ಇವನ್ನು ‘ವಜ್ನ್’, ಅಂದರೆ ತೂಕ, ಎನ್ನುತ್ತಾರೆ. ಮೊದಲ ವ್ಯಂಜನದ ಮೇಲೆ ‘ಆ’, ಎರಡನೆಯದರ ಮೇಲೆ ‘ಇ’ ಬಂದರೆ ಅದು ಮಾಡುವವನ ಅಚ್ಚು: ಕಾತಿಬ್. ಮುಂದೆ ‘ಮ’, ಕೊನೆಯ ವ್ಯಂಜನಕ್ಕೆ ಮೊದಲು ‘ಊ’ ಬಂದರೆ ಮಾಡಿಸಿಕೊಂಡದ್ದರ ಅಚ್ಚು: ಮಕ್ತೂಬ್.

ಈ ಎರಡನೆಯ ಅಚ್ಚು ಕನ್ನಡದ ಕಿವಿಗೆ ಹೊಸದೇನಲ್ಲ. ಫಾರಸಿ, ಉರ್ದು ಆಡಳಿತದ ದಾರಿಯಲ್ಲಿ ಅದು ಕಚೇರಿಗಳನ್ನು ಹೊಕ್ಕು ಬಹಳ ಕಾಲವಾಯಿತು. ‘ನಜರು’ ಎಂದರೆ ನೋಟ, ನೋಡಲಾದದ್ದು ‘ಮಂಜೂರು’. ಮೇಲಿನವರು ನೋಡಿದರೆ ತಾನೇ ಒಪ್ಪಿಗೆ! ಅಮಲ್ದಾರನ ‘ಅಮಲ್’ ಎಂದರೆ ಕೆಲಸ. ರೂಢಿಯಲ್ಲಿ ನಡೆದುಬಂದದ್ದು ‘ಮಾಮೂಲು’. ಬಿಗಿಯಾಗಿ ಹಿಡಿಯುವುದು ‘ಜಬ್ತ್’, ನಮ್ಮ ಜಪ್ತಿ. ಬಿಗಿಯಾಗಿ ಹಿಡಿದದ್ದು ‘ಮಜಬೂತು’. ಸಾಲ ತೀರದ ಮನೆಯನ್ನು ಜಪ್ತಿ ಮಾಡುವುದಕ್ಕೂ ಅದರ ಗೋಡೆ ಮಜಬೂತಾಗಿರುವುದಕ್ಕೂ ಬೇರು ಒಂದೇ.

ಹಾಗೆಂದು ಬೇರು, ಅಚ್ಚು ಎರಡೂ ಗೊತ್ತಿದ್ದರೆ ಅರ್ಥವನ್ನು ಲೆಕ್ಕ ಹಾಕಿ ತೆಗೆಯಬಹುದೆಂದಲ್ಲ. ‘ಕತೀಬಾ’ ಕೂಡ ಕ್-ತ್-ಬ್ ಮನೆಯದೇ, ಆದರೆ ಅದು ಸೈನ್ಯದ ತುಕಡಿ. ಈ ಬೇರಿಗೆ ಒಟ್ಟುಗೂಡಿಸು, ಹೊಲಿದು ಸೇರಿಸು ಎಂಬ ಅರ್ಥವೂ ಇದೆಯೆಂದು ಹಳೆಯ ನಿಘಂಟುಕಾರರು ಹೇಳುತ್ತಾರೆ. ಸಂಬಂಧವನ್ನು ಆಮೇಲೆ ವಿವರಿಸಬಹುದು, ಮೊದಲೇ ಊಹಿಸುವುದು ಕಷ್ಟ. ಯಾವ ಬೇರು ಯಾವ ಅಚ್ಚಿಗೆ ಇಳಿಯುತ್ತದೆ ಎಂಬುದನ್ನೂ ಒಂದೊಂದಾಗಿ ಕಲಿಯಬೇಕು.

ಕಲಿಯುವವರು ಮೊದಲು ಎಡವುವುದು ನಿಘಂಟಿನಲ್ಲಿ. ಹಲವು ಅರಬ್ಬಿ ನಿಘಂಟುಗಳು ಪದಗಳನ್ನು ಬೇರಿನ ಕ್ರಮದಲ್ಲಿ ಜೋಡಿಸುತ್ತವೆ. ‘ಮಸ್ಜಿದ್’ ಸಾಷ್ಟಾಂಗ ಎರಗುವ ಜಾಗ; ಅದರ ‘ಮ’ ಅಚ್ಚಿನದು, ಬೇರು ಸ್-ಜ್-ದ್. ‘ಮಲಿಕ್’ ಎಂದರೆ ರಾಜ. ಅಲ್ಲಿ ‘ಮ’ ಬೇರಿನದೇ, ತೆಗೆದರೆ ಎರಡೇ ವ್ಯಂಜನ ಉಳಿಯುತ್ತದೆ. ಹಾಗಾಗಿ ಮಲಿಕ್‌ನನ್ನು ‘ಮ’ದಲ್ಲಿ ಹುಡುಕಬೇಕು, ಮಸ್ಜಿದನ್ನು ‘ಸ’ದಲ್ಲಿ.