ಲೂಪಿನೊಳಗೊಂದು ಲೂಪು: ಗುಣಿಸುವ ಮೊದಲು ಕೂಡಿಸಿ ನೋಡಿ

ಊರಹಬ್ಬದ ಕಬಡ್ಡಿ ಪಂದ್ಯಾವಳಿಗೆ 64 ತಂಡಗಳು ಹೆಸರು ಕೊಟ್ಟಿವೆ ಎನ್ನಿ. ಸೋತವರು ಸೀದಾ ಮನೆಗೆ. ಮೊದಲ ಸುತ್ತಿನಲ್ಲಿ 32 ಪಂದ್ಯ; ಫೈನಲ್ ಸೇರಿ ಒಟ್ಟು ಆರು ಸುತ್ತು. ರೆಫರಿಗಳಿಗೆ ಪಂದ್ಯಕ್ಕಿಷ್ಟು ಎಂದು ಭತ್ಯೆ ಕೊಡಬೇಕಾದ ಖಜಾಂಚಿ ಅವಸರದಲ್ಲಿ ‘ಆರು ಸುತ್ತು, ಸುತ್ತಿಗೆ 32, ಒಟ್ಟು 192 ಪಂದ್ಯ’ ಎಂದು ಬರೆದುಕೊಂಡರೆ, ಬೇಕಾದ್ದಕ್ಕಿಂತ ಮೂರು ಪಟ್ಟು ಹಣ ಎತ್ತಿಡುತ್ತಾನೆ. ನಿಜವಾಗಿ ನಡೆಯುವುದು 32, 16, 8, 4, 2, 1: ಕೂಡಿಸಿದರೆ 63 ಪಂದ್ಯ. ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ, 63 ತಂಡ ಮನೆಗೆ ಹೋಗಬೇಕು, ಹಾಗಾಗಿ 63.

ಕಂಪ್ಯೂಟರ್ ಪ್ರೋಗ್ರಾಮಿನ ವೇಗವನ್ನು ಅಂದಾಜು ಮಾಡುವಾಗ ವಿದ್ಯಾರ್ಥಿಗಳು ಮಾಡುವ ತಪ್ಪು ಈ ಖಜಾಂಚಿಯದೇ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆಗೆ ಲೂಪ್ ಎನ್ನುತ್ತಾರೆ. ಲೂಪಿನ ಒಳಗೆ ಇನ್ನೊಂದು ಲೂಪ್ ಇದ್ದರೆ, ಹೊರಗಿನದು ಎಷ್ಟು ಸಲ, ಒಳಗಿನದು ಹೆಚ್ಚೆಂದರೆ ಎಷ್ಟು ಸಲ ಎಂದು ನೋಡಿ ಎರಡನ್ನೂ ಗುಣಿಸಿಬಿಡುವುದು ರೂಢಿ. ಒಳಗಿನ ಲೂಪ್ ಪ್ರತಿ ಸಲವೂ ಅಷ್ಟೇ ಓಡುವುದಾದರೆ ಈ ಲೆಕ್ಕ ಸರಿ. ಅದರ ಮಿತಿ ಹೊರಗಿನ ಲೂಪಿಗೆ ತಕ್ಕಂತೆ ಬದಲಾದರೆ ಮಾತ್ರ ಪ್ರತಿ ಸುತ್ತಿನ ಓಟವನ್ನೂ ಬೇರೆ ಬೇರೆ ಬರೆದು ಕೂಡಿಸಬೇಕು. ಇಲ್ಲಿ ಎಣಿಸುವುದು ಸೆಕೆಂಡುಗಳನ್ನಲ್ಲ. ಒಳಗಿನ ಸಾಲು ಎಷ್ಟು ಸಲ ನಡೆಯಿತು ಎಂಬುದನ್ನು.

ಸುಲಭದ್ದರಿಂದ ಶುರುಮಾಡೋಣ.

```
for (i = 1; i <= n; i++)
    for (j = 1; j <= i; j++)
        count++;
```

ಹೊರಗಿನ `i` ಒಂದೊಂದೇ ಹೆಚ್ಚುತ್ತದೆ. ಒಳಗಿನ `j` ಪ್ರತಿ ಸಲ `i` ಮುಟ್ಟಿದೊಡನೆ ನಿಲ್ಲುತ್ತದೆ. ಮೊದಲ ಸುತ್ತಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಕೊನೆಗೆ `n`. `n` 1000 ಆದರೆ ಒಟ್ಟು 5,00,500. ಗುಣಿಸಿದ್ದರೆ ಹತ್ತು ಲಕ್ಷ ಬರುತ್ತಿತ್ತು. ಅಂದರೆ ಗುಣಾಕಾರ ಹೇಳಿದ್ದರ ಸರಿಸುಮಾರು ಅರ್ಧ. ಅರ್ಧವಾದರೂ ಬೆಳೆಯುವ ರೀತಿ ವರ್ಗದ್ದೇ: `n` ದುಪ್ಪಟ್ಟಾದರೆ ಕೆಲಸ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಇದನ್ನು `O(n²)` ಎಂದೇ ಬರೆಯುತ್ತಾರೆ. ಆ ಬರವಣಿಗೆಗೆ ಬೆಳವಣಿಗೆಯ ರೀತಿ ಮುಖ್ಯ; ಅರ್ಧವೋ ಮುಕ್ಕಾಲೋ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಈಗ ಒಂದೇ ಒಂದು ಜಾಗ ಬದಲಿಸೋಣ. ಹೊರಗಿನ ಎಣಿಕೆ ಒಂದೊಂದೇ ಹೆಚ್ಚುವ ಬದಲು ದುಪ್ಪಟ್ಟಾಗಲಿ.

```
for (i = 1; i <= n; i = i * 2)
    for (j = 1; j <= i; j++)
        count++;
```

`n` 1000 ಇದ್ದಾಗ `i` ಪಡೆಯುವ ಬೆಲೆಗಳು 1, 2, 4, 8 ಎಂದು ಹೋಗಿ 512ಕ್ಕೆ ಮುಗಿಯುತ್ತವೆ. ಮುಂದಿನದು 1024, ಮಿತಿ ದಾಟಿತು. ಒಟ್ಟು ಹತ್ತೇ ಸುತ್ತು. ಒಂದರಿಂದ ಹೊರಟು ಎಷ್ಟು ಸಲ ದುಪ್ಪಟ್ಟು ಮಾಡಿದರೆ `n` ಸಿಗುತ್ತದೆ ಎಂಬುದನ್ನೇ ಲಾಗ್ ಎನ್ನುವುದು. ಇಲ್ಲಿ ನಮ್ಮ ಖಜಾಂಚಿ ‘ಹೊರಗೆ ಲಾಗ್, ಒಳಗೆ `n`, ಆದ್ದರಿಂದ `O(n log n)`’ ಎಂದು ಬರೆದು, ಸುಮಾರು ಹತ್ತು ಸಾವಿರ ಎನ್ನುತ್ತಾನೆ. ಕೂಡಿಸಿ ನೋಡಿದರೆ 1 + 2 + 4 + … + 512, ಬರುವುದು 1023. ಕಬಡ್ಡಿಯ ಪಟ್ಟಿಯನ್ನೇ ಕೆಳಗಿನಿಂದ ಮೇಲಕ್ಕೆ ಓದಿದಂತೆ.

ದುಪ್ಪಟ್ಟಾಗುತ್ತ ಹೋಗುವ ಸಾಲಿಗೆ ಒಂದು ಗುಣವಿದೆ: ಹಿಂದಿನವೆಲ್ಲ ಸೇರಿದರೂ ಮುಂದಿನದಕ್ಕೆ ಒಂದು ಕಡಿಮೆಯೇ. 1, 2, 4 ಸೇರಿದರೆ 7, ಮುಂದಿನದು 8. ಹಾಗಾಗಿ ಕೊನೆಯ ಸುತ್ತೊಂದೇ ಒಟ್ಟು ಕೆಲಸದ ಅರ್ಧಕ್ಕಿಂತ ತುಸು ಹೆಚ್ಚು ಮಾಡಿರುತ್ತದೆ. ಉಳಿದ ಸುತ್ತುಗಳೆಲ್ಲ ಸೇರಿ ಇನ್ನರ್ಧ. ಕೊನೆಯ ಸುತ್ತು `n` ಮೀರುವಂತಿಲ್ಲ, ಆದ್ದರಿಂದ ಒಟ್ಟು ಮೊತ್ತ `2n` ಮುಟ್ಟುವುದಿಲ್ಲ. ಉತ್ತರ `O(n)`. ‘ಇಷ್ಟಕ್ಕಿಂತ ಹೆಚ್ಚಿಲ್ಲ’ ಎಂಬ ಅರ್ಥದಲ್ಲಿ `O(n log n)` ಸುಳ್ಳಲ್ಲ, ಆದರೆ ಸಡಿಲ ಅಂಗಿ. `n` ಹತ್ತು ಲಕ್ಷವಾದಾಗ ಗುಣಾಕಾರ ಎರಡು ಕೋಟಿ ಎನ್ನುತ್ತದೆ. ನಿಜವಾದ ಎಣಿಕೆ 10,48,575.

ಹಾಗಾದರೆ ದುಪ್ಪಟ್ಟು ಕಂಡಲ್ಲೆಲ್ಲ ಲಾಗ್ ಮಾಯವಾಗುತ್ತದೆಯೇ? ಇಲ್ಲ. ದುಪ್ಪಟ್ಟನ್ನು ಹೊರಗಿನಿಂದ ಒಳಗಿನ ಲೂಪಿಗೆ ಸರಿಸಿ ನೋಡಿ.

```
for (i = 1; i <= n; i++)
    for (j = 1; j <= i; j = j * 2)
        count++;
```

ಈಗ ಹೊರಗೆ ಸಾವಿರ ಸುತ್ತು. ಒಳಗಿನ ಓಟ ಮೊದಲು ಒಂದು, ಆಮೇಲೆ ಎರಡು, ಕೊನೆಕೊನೆಗೆ ಹತ್ತು. ಆದರೆ ಯಾವ ಓಟ ಎಷ್ಟು ಸಲ ಬರುತ್ತದೆ ಎಂದು ಗಮನಿಸಿ. `i` 512ರಿಂದ 1000ದವರೆಗೆ ಇರುವಾಗ, ಅಂದರೆ 489 ಸುತ್ತುಗಳಲ್ಲಿ, ಒಳಗಿನ ಲೂಪ್ ತಲಾ ಹತ್ತು ಸಲ ಓಡುತ್ತದೆ. 256ರಿಂದ 511ರವರೆಗಿನ 256 ಸುತ್ತುಗಳಲ್ಲಿ ತಲಾ ಒಂಬತ್ತು. ಮುಕ್ಕಾಲು ಪಾಲು ಸುತ್ತುಗಳು ಗರಿಷ್ಠ ಮಿತಿಯ ಹತ್ತಿರವೇ ಗುಂಪುಗೂಡಿವೆ. ಒಟ್ಟು 8987. ಗುಣಿಸಿದರೆ ಹತ್ತು ಸಾವಿರ, ಹೆಚ್ಚೇನೂ ಅಂತರವಿಲ್ಲ. ಇಲ್ಲಿ `O(n log n)` ಎಂಬುದೇ ಬಿಗಿಯಾದ ಉತ್ತರ.

ಎರಡೂ ಪ್ರೋಗ್ರಾಮಿನಲ್ಲಿ ಇರುವ ಅಕ್ಷರಗಳು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಭಾರ ಎಲ್ಲಿ ಕೂತಿದೆ ಎಂಬುದರಲ್ಲಿ. ಹೆಚ್ಚಿನ ಸುತ್ತುಗಳು ಗರಿಷ್ಠದ ಆಸುಪಾಸಿನಲ್ಲಿದ್ದರೆ ಗುಣಿಸಿದರೂ ನಡೆಯುತ್ತದೆ. ಕೊನೆಯಿಂದ ಹಿಂದೆ ಹೋದಂತೆ ಕೆಲಸ ಅರ್ಧರ್ಧ ಕರಗುತ್ತಿದ್ದರೆ ಕೊನೆಯ ಸುತ್ತಿನದೇ ಲೆಕ್ಕ.

ನಿಮ್ಮ ಉತ್ತರ ಸರಿಯೇ ಎಂದು ಪರೀಕ್ಷಿಸಲು `count` ಅನ್ನು ಮುದ್ರಿಸಿ, `n` ದುಪ್ಪಟ್ಟು ಮಾಡಿ ಮತ್ತೆ ಓಡಿಸಿ. `n` 1000ದಿಂದ 2000ಕ್ಕೆ ಹೋದಾಗ ಮೊದಲನೆಯದು 5,00,500ರಿಂದ 20,01,000ಕ್ಕೆ, ನಾಲ್ಕು ಪಟ್ಟು ಏರುತ್ತದೆ. ಎರಡನೆಯದು 1023ರಿಂದ 2047ಕ್ಕೆ, ಎರಡು ಪಟ್ಟು. ಮೂರನೆಯದು 8987ರಿಂದ 19,964ಕ್ಕೆ, ಎರಡು ಪಟ್ಟಿಗಿಂತ ತುಸು ಹೆಚ್ಚು. ಆ ತುಸುವೇ ಲಾಗಿನ ಗುರುತು. ಆದರೆ ಅಕ್ಕಪಕ್ಕದ ಬೆಲೆಗಳನ್ನು ಹೋಲಿಸಬೇಡಿ. ಎರಡನೆಯ ಪ್ರೋಗ್ರಾಮಿನಲ್ಲಿ `n` 1023 ಇದ್ದರೆ ಎಣಿಕೆ 1023. ಒಂದೇ ಒಂದು ಹೆಚ್ಚಿಸಿ 1024 ಕೊಟ್ಟರೆ ಇನ್ನೊಂದು ಸುತ್ತು ಸೇರಿ 2047ಕ್ಕೆ ಹಾರುತ್ತದೆ.

ಕಾಗದದ ಲೆಕ್ಕ ಸರಿಯಿದ್ದೂ ಯಂತ್ರ ಕೈಕೊಡುವ ಜಾಗ ಎರಡಿವೆ. `i` ಅನ್ನು ಸೊನ್ನೆಯಿಂದ ಶುರುಮಾಡಿದರೆ, ಸೊನ್ನೆಯ ದುಪ್ಪಟ್ಟು ಸೊನ್ನೆಯೇ. ಲೂಪ್ ಎಂದೂ ಮುಗಿಯುವುದಿಲ್ಲ. ಇನ್ನೊಂದು, ಜಾವಾದ `int` ಹಿಡಿಯುವ ಅತಿ ದೊಡ್ಡ ಸಂಖ್ಯೆ 2,147,483,647. `n` ಅನ್ನು 200 ಕೋಟಿ ಮಾಡಿದಿರೆನ್ನಿ. `i` 1,073,741,824 ತಲುಪಿ ಇನ್ನೊಮ್ಮೆ ದುಪ್ಪಟ್ಟಾದಾಗ ಋಣ ಸಂಖ್ಯೆಯಾಗುತ್ತದೆ, ಮತ್ತೊಮ್ಮೆ ದುಪ್ಪಟ್ಟಾದಾಗ ಸೊನ್ನೆಯಾಗುತ್ತದೆ, ಆಮೇಲೆ ಅಲ್ಲೇ ಉಳಿಯುತ್ತದೆ. ಅಂಥ ಕಡೆ `long` ಬಳಸಿ.

ಉಳಿದಂತೆ, ಲೂಪಿನೊಳಗೆ ಲೂಪ್ ಕಂಡಾಗ `n`ಗೆ ಹದಿನಾರೋ ಮೂವತ್ತೆರಡೋ ಕೊಟ್ಟು, ಸುತ್ತಿಗೊಂದು ಸಾಲಿನಂತೆ ಓಟಗಳನ್ನು ಕಾಗದದ ಮೇಲೆ ಬರೆಯಿರಿ. ಗುಣಿಸಬೇಕೋ ಕೂಡಿಸಬೇಕೋ ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.