ಆರತಕ್ಷತೆಯಲ್ಲಿ ಅತ್ತೆಯ ಮಾತು

ಬ್ರಿಟನ್ನಿನ ಮದುವೆಯ ಔತಣದಲ್ಲಿ ಯಾರ ನಂತರ ಯಾರು ಮಾತನಾಡಬೇಕೆಂಬುದು ಬಹುಕಾಲದಿಂದ ನಡೆದುಬಂದ ರೂಢಿ. ಮೊದಲು ಹೆಣ್ಣಿನ ತಂದೆ, ಆಮೇಲೆ ಮದುಮಗ, ಕೊನೆಗೆ ಅವನ ಆಪ್ತ ಗೆಳೆಯ. ಗಂಡಿನ ತಾಯಿಗೆ ಅದರಲ್ಲಿ ಜಾಗವಿರಲಿಲ್ಲ. ಅಮೆರಿಕದಲ್ಲಿ ಮದುವೆಯ ಹಿಂದಿನ ರಾತ್ರಿಯ ಊಟ ವಾಡಿಕೆಯಂತೆ ಗಂಡಿನ ಕಡೆಯವರದು. ಅವರು ಆಡಬೇಕಾದ ಮಾತು ಅಲ್ಲಿಯೇ ಮುಗಿಯುತ್ತಿತ್ತು. ಈಗ ಎರಡೂ ದೇಶಗಳಲ್ಲಿ ತಾಯಿ ಆರತಕ್ಷತೆಯಲ್ಲೇ ಎದ್ದು ನಿಂತು ಸೊಸೆಯನ್ನು ಸ್ವಾಗತಿಸುವುದುಂಟು.

ಈ ಮಾತಿಗೆ ಮೂರು ನಿಮಿಷ ಸಾಕು. ಇಂಗ್ಲಿಷಿನಲ್ಲಾದರೆ ಸುಮಾರು 400 ಪದ. ತಾನು ಯಾರೆಂದು ಹೇಳಿ, ಬೀಗರಿಗೂ ಬಂದವರಿಗೂ ವಂದಿಸಿ, ಮಗನ ಬಗ್ಗೆ ಒಂದೆರಡು ಮಾತಾಡಿ ತಾಯಿ ಸೊಸೆಯತ್ತ ತಿರುಗುತ್ತಾಳೆ. ಎಡವುವುದು ಹೆಚ್ಚಾಗಿ ಇಲ್ಲಿಯೇ. ಮಗನ ಬಾಲ್ಯದ ಕಥೆ ಎರಡು ನಿಮಿಷ ನುಂಗಿಬಿಟ್ಟರೆ ಸೊಸೆಗೆ ಉಳಿಯುವುದು "ನಮ್ಮ ಮನೆಗೆ ಸ್ವಾಗತ" ಎಂಬ ಒಂದೇ ಸಾಲು. ಹಾಗಾಗಿ ಮಗನ ಕಥೆಯೂ ಸೊಸೆಯ ಕಡೆಗೇ ಕರೆದೊಯ್ಯುವಂಥದ್ದಾಗಿರಬೇಕು.

ಮಗ ಚಿಕ್ಕಂದಿನಿಂದಲೂ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದವನು ಎಂದಿಟ್ಟುಕೊಳ್ಳೋಣ. ತಾಯಿ ಅದನ್ನು ಹೇಳಿ ನಗಿಸಿ, ಒಂದು ಭಾನುವಾರ ಅವನು ಮುಕ್ಕಾಲು ಗಂಟೆ ಮಾತನಾಡಿದನೆಂದೂ, ಅದರಲ್ಲಿ ಹೆಚ್ಚಿನದು ಈ ಹುಡುಗಿಯ ವಿಷಯವೇ ಎಂದೂ ಹೇಳಬಹುದು. ಆಮೇಲೆ ನೇರವಾಗಿ ಸೊಸೆಗೆ: "ನೀನು ಮೊದಲ ಸಲ ಮನೆಗೆ ಬಂದಾಗ ಅಜ್ಜಿ ಹೇಳಿದ ಕಥೆಯನ್ನೇ ಮತ್ತೆ ಹೇಳಿದರೂ ಮೊದಲ ಸಲ ಕೇಳುವವಳಂತೆ ಕೂತಿದ್ದೆ. ಅವತ್ತೇ ನೀನು ನಮಗೆಲ್ಲ ಹಿಡಿಸಿಬಿಟ್ಟೆ." ಒಳ್ಳೆಯವಳು, ಚೆಲುವೆ ಎಂಬ ಹೊಗಳಿಕೆ ಯಾವ ಸೊಸೆಗೂ ಒಪ್ಪುತ್ತದೆ, ಅಜ್ಜಿಯ ಮುಂದೆ ಕೂತಿದ್ದು ಇವಳೊಬ್ಬಳೇ.

"ನಮಗೆ ಮಗಳು ಸಿಕ್ಕಳು" ಎಂಬ ಮಾತು ಸವೆದುಹೋಗಿದೆ. ಹೆತ್ತ ತಾಯಿ ಎದುರಿಗೇ ಕೂತಿರುವಾಗ ಅದು ಅವಳಿಗೆ ಚುಚ್ಚಲೂಬಹುದು. ಇಂಥ ಹುಡುಗಿಯನ್ನು ಬೆಳೆಸಿದಿರಿ ಎಂದು ಬೀಗರಿಗೆ ಹೇಳುವುದು ಮೇಲು. ಮಗನ ಹಳೆಯ ಗೆಳತಿಯರ ಪ್ರಸ್ತಾಪ, ಮೊಮ್ಮಕ್ಕಳ ಬೇಡಿಕೆ, "ಇನ್ನು ಇವನನ್ನು ನೋಡಿಕೊಳ್ಳುವ ಕೆಲಸ ನಿನ್ನದು" ಎಂಬ ತಮಾಷೆ, ಇವು ಯಾವುವೂ ಬೇಡ. ಕೊನೆಯದಕ್ಕೆ ಸಭೆ ನಕ್ಕರೂ ಸೊಸೆಯ ಕಿವಿಗೆ ಅದು ಅಪ್ಪಣೆಯಂತೆ ಕೇಳಿಸೀತು.

ಕರ್ನಾಟಕದ ಆರತಕ್ಷತೆಯಲ್ಲಿ ಸಾಮಾನ್ಯವಾಗಿ ಭಾಷಣವಿಲ್ಲ. ಮನೆ ತುಂಬಿಸಿಕೊಳ್ಳುವಾಗಿನ ಆರತಿ, ಹೊಸಿಲ ಮೇಲಿನ ಅಕ್ಕಿಯ ಸೇರು ಇವೇ ಅತ್ತೆಯ ಸ್ವಾಗತ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ತಾಯಿಯ ಮುಂದೆ ಮೈಕು ಬಂದಾಗ ಅವಳಿಗೆ ಮಾದರಿಯೇ ಇರುವುದಿಲ್ಲ. ಸೊಸೆಗೆ ಕನ್ನಡ ಬರದಿದ್ದರೆ ಮಾತೆಲ್ಲ ಇಂಗ್ಲಿಷಿನಲ್ಲಿರಲಿ. "ಬಾರಮ್ಮ, ಇದು ನಿನ್ನ ಮನೆ" ಎಂಬಷ್ಟನ್ನು ಕನ್ನಡದಲ್ಲಿ ಹೇಳಿ, ಕೂಡಲೇ ಅದರ ಅರ್ಥ ತಿಳಿಸಿದರೆ ಬೀಗರೂ ಜೊತೆಗೂಡುತ್ತಾರೆ. ಕಡೆಗೆ ಎಲ್ಲರನ್ನೂ ಎದ್ದು ನಿಲ್ಲಲು ಕೋರಿ, ಲೋಟವೆತ್ತಿ, ಇಬ್ಬರ ಹೆಸರನ್ನೂ ಹೇಳುವುದು. ಲೋಟದಲ್ಲಿ ಹಣ್ಣಿನ ರಸವಿದ್ದರೂ ಸರಿಯೇ.